ವಾಲಿಯ ಮಾತು ಎಲ್ಲಿಗೆ ಹೋಯಿತು?

ತಾಳಮದ್ದಳೆಯ ಒಂದು ಧ್ವನಿಮುದ್ರಣವನ್ನು ಯೂಟ್ಯೂಬಿಗೆ ಏರಿಸಿ ಎರಡು ಗಂಟೆಯೂ ಆಗಿರಲಿಲ್ಲ. ಪುತ್ತೂರಿನಿಂದ ಚಿಕ್ಕಮ್ಮನ ಫೋನು ಬಂತು. "ಎಂತದು ಮಾರಾಯ ಇದು? ಚೆಂಡೆ ಕೇಳ್ತದೆ, ಚಪ್ಪಾಳೆ ಕೇಳ್ತದೆ. ಅರ್ಥವೇ ಇಲ್ಲ!"

ತಾಳಮದ್ದಳೆ ಕಂಡವರಿಗೆ ಈ ದೂರಿನ ತೂಕ ಗೊತ್ತಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹೇಳುತ್ತಾರೆ, ಆಮೇಲೆ ಕುಳಿತಲ್ಲೇ ಕುಳಿತು ಅರ್ಥಧಾರಿ ಆಡುವ ಮಾತೇ ಎಲ್ಲ. ಆ ರಾತ್ರಿ ವಾಲಿಮೋಕ್ಷ ಪ್ರಸಂಗ. ಬಾಣ ತಿಂದು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುವ ಹೊತ್ತಿಗೆ ಸಭೆಯಲ್ಲಿ ಕೆಮ್ಮು ಕೂಡ ಇರಲಿಲ್ಲ. ಆ ಪ್ರಶ್ನೆ ಚಿಕ್ಕಮ್ಮನ ಅಡುಗೆಮನೆಗೆ ತಲುಪಲೇ ಇಲ್ಲ.

ನಾನು ಇಯರ್‌ಫೋನ್ ಹಾಕಿ ಮತ್ತೆ ಕೇಳಿದೆ. ಮಾತು ಸ್ಪಷ್ಟವಾಗಿಯೇ ಇತ್ತು. ತಲೆಯ ಎರಡೂ ಪಕ್ಕಕ್ಕೆ ಹರಡಿಕೊಂಡು, ಏನೋ ವಿಶಾಲವಾಗಿ ಕೇಳುತ್ತಿತ್ತು. ನಿಜ ಹೇಳಬೇಕೆಂದರೆ, ಎಡಿಟ್ ಮಾಡುವಾಗ 'ಸ್ಟೀರಿಯೋ ಎಷ್ಟು ಚೆನ್ನಾಗಿ ಬಂದಿದೆ' ಎಂದು ಹೆಮ್ಮೆಪಟ್ಟಿದ್ದೆ. ಇಯರ್‌ಫೋನ್ ಕಿತ್ತು, ಮನೆಯಲ್ಲಿದ್ದ ಲೋಟದ ಗಾತ್ರದ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದೆ. ಚೆಂಡೆ ಢಣಢಣ ಎಂದಿತು. ವಾಲಿ ಬಾವಿಯ ತಳದಿಂದ ಗೊಣಗಿದ.

ಆ ಸ್ಪೀಕರಿನ ಹೊಟ್ಟೆಯಲ್ಲಿ ಶಬ್ದ ಹೊಮ್ಮಿಸುವ ಭಾಗ ಒಂದೇ. ಫೈಲಿನಲ್ಲಿ ಎಡ, ಬಲ ಎಂದು ಎರಡು ಚಾನೆಲ್ ಇದ್ದರೆ ಅದು ಎರಡನ್ನೂ ಕೂಡಿಸಿ ಒಂದು ಮಾಡಿಕೊಳ್ಳಬೇಕು. ಚಿಕ್ಕಮ್ಮನ ಫೋನಿಗೂ ಸ್ಪೀಕರ್ ಒಂದೇ. ಎರಡನ್ನು ಒಂದಾಗಿಸುವ ಈ ಕೆಲಸಕ್ಕೆ ಡೌನ್‌ಮಿಕ್ಸ್ ಎನ್ನುತ್ತಾರೆ. ಕೂಡಿಸಿದಾಗ ಹೆಚ್ಚಾಗಬೇಕಾದ ಮಾತು ಸೊನ್ನೆಯಾದದ್ದು ಹೇಗೆ ಎನ್ನುವುದೇ ನನ್ನ ಮುಂದಿದ್ದ ಪ್ರಶ್ನೆ.

ಶಬ್ದವೆಂದರೆ ಗಾಳಿಯ ಒತ್ತಡ ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವುದು. ಮೈಕು ಅದನ್ನು ವಿದ್ಯುತ್ತಿನ ಏರಿಳಿತವಾಗಿ ಮಾಡುತ್ತದೆ, ರೆಕಾರ್ಡರ್ ಅದನ್ನು ಅಂಕಿಗಳಾಗಿ ಬರೆದಿಡುತ್ತದೆ. ಒಂದು ಕ್ಷಣದಲ್ಲಿ ಎಡ ಚಾನೆಲಿನ ಅಂಕಿ 0.4, ಬಲದ್ದೂ 0.4 ಎಂದಿಟ್ಟುಕೊಳ್ಳಿ. ಕೂಡಿಸಿ ಎರಡರಿಂದ ಭಾಗಿಸಿದರೆ ಅದೇ 0.4 ಉಳಿಯುತ್ತದೆ, ತೊಂದರೆಯಿಲ್ಲ. ಎಡದಲ್ಲಿ 0.4 ಇದ್ದಾಗ ಬಲದಲ್ಲಿ −0.4 ಇದ್ದರೆ ಉತ್ತರ ಸೊನ್ನೆ. ಮುಂದಿನ ಕ್ಷಣ −0.2 ಮತ್ತು 0.2, ಆಗಲೂ ಸೊನ್ನೆ. ಒಂದು ಚಾನೆಲ್ ಇನ್ನೊಂದರ ತಲೆಕೆಳಗಾದ ಪ್ರತಿಯಾಗಿದ್ದರೆ ಮೂರು ಗಂಟೆಯ ಪ್ರಸಂಗವೂ ಸೊನ್ನೆಯೇ. ಹೀಗೆ ತಲೆಕೆಳಗಾಗುವುದಕ್ಕೆ ಪೋಲಾರಿಟಿ ತಿರುಗಿದೆ ಎನ್ನುತ್ತಾರೆ. 'ಔಟ್ ಆಫ್ ಫೇಸ್' ಎನ್ನುವುದೂ ಬಳಕೆಯಲ್ಲಿದೆ. ಎರಡೂ ಒಂದೇ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಇಯರ್‌ಫೋನಿನಲ್ಲಿ ಇದು ಗೊತ್ತಾಗದೆ ಹೋದದ್ದಕ್ಕೆ ಕಾರಣ ಸರಳ. ಅಲ್ಲಿ ಯಾರೂ ಯಾರನ್ನೂ ಕೂಡಿಸುವುದಿಲ್ಲ. ಎಡದ್ದು ಎಡಗಿವಿಗೆ, ಬಲದ್ದು ಬಲಗಿವಿಗೆ. ಅಲೆ ತಲೆಕೆಳಗಾಗಿದೆ ಎಂದು ಒಂದು ಕಿವಿ ತಾನಾಗಿ ಹೇಳಲಾರದು, ಅದಕ್ಕೆ ಎರಡೂ ಒಂದೇ ಮಾತು. ಆದರೆ ಎರಡು ಕಿವಿಗಳ ಸುದ್ದಿಯನ್ನು ಹೋಲಿಸಿ ನೋಡುವ ಮಿದುಳಿಗೆ ಮಾತ್ರ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಮಾತು ಎದುರಿನಿಂದ ಬಂದಂತೆ ಅನ್ನಿಸದೆ ಕಿವಿಗಳ ಹಿಂದೆಲ್ಲೋ ತೇಲುತ್ತದೆ, ಸ್ವಲ್ಪ ಹೊತ್ತಿಗೆ ತಲೆ ಭಾರವಾದಂತಾಗುತ್ತದೆ. ನಾನು ಸ್ಟೀರಿಯೋ ಎಂದು ಹೆಮ್ಮೆಪಟ್ಟದ್ದು ಇದನ್ನೇ. ಎದುರಿಗೆ ಎರಡು ಸ್ಪೀಕರ್ ಇಟ್ಟು ಕೇಳಿದರೂ ಮಾತು ಪೂರ್ತಿ ಅಳಿಯುವುದಿಲ್ಲ. ಗೋಡೆಗೆ ತಾಗಿ ಬರುವ ಶಬ್ದ, ಎರಡು ಸ್ಪೀಕರಿನಿಂದ ಕಿವಿಗಿರುವ ದೂರದ ಚೂರು ವ್ಯತ್ಯಾಸ, ಇವೆಲ್ಲ ಸೇರಿ ಅಳಿಸುವ ಕೆಲಸವನ್ನು ಕೆಡಿಸುತ್ತವೆ. ದನಿಯ ಕೆಳಗಿನ ತುಂಬು ಮಾತ್ರ ಸೊರಗಿ ತೆಳ್ಳಗೆ ಕೇಳುತ್ತದೆ. ವಿದ್ಯುತ್ತಿನಲ್ಲೋ ಅಂಕಿಗಳಲ್ಲೋ ಕೂಡಿಸಿದಾಗ ಇಂಥ ದಯೆ ಇಲ್ಲ.

ಇನ್ನು ತಪ್ಪು ಎಲ್ಲಿಂದ ಬಂತು? ಮೂರು ಅಡಿ ಉದ್ದದ ಒಂದು ಕೇಬಲಿನಿಂದ.

ಆ ರಾತ್ರಿ ನನ್ನ ಬಳಿ ಇದ್ದದ್ದು ನಾಲ್ಕು ಟ್ರ್ಯಾಕಿನ ಕೈ ರೆಕಾರ್ಡರ್. ಅದರ ತಲೆಯ ಮೇಲಿನ ಎರಡು ಮೈಕುಗಳು ಸಭೆಯ ಶಬ್ದವನ್ನೂ ಚೆಂಡೆ ಮದ್ದಳೆಯನ್ನೂ ಹಿಡಿಯಲಿ, ಅರ್ಥಧಾರಿಗಳ ಮತ್ತು ಭಾಗವತರ ದನಿ ನೇರ ಮೈಕ್‌ಸೆಟ್ಟಿನವರ ಮಿಕ್ಸರಿನಿಂದ ಬರಲಿ ಎಂದು ಲೆಕ್ಕ ಹಾಕಿದ್ದೆ. ಮಿಕ್ಸರಿನ ಹಿಂದೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಔಟ್‌ಪುಟ್, ನನ್ನ ರೆಕಾರ್ಡರಿನಲ್ಲಿ ಇಯರ್‌ಫೋನ್ ಜ್ಯಾಕಿನಂಥದ್ದೇ ಚಿಕ್ಕ 3.5 ಮಿಲಿಮೀಟರ್ ತೂತು. ಒಂದು ತುದಿಗೆ ಅದು, ಇನ್ನೊಂದು ತುದಿಗೆ ಇದು ಇರುವ ಕೇಬಲನ್ನು ಅಂಗಡಿಯಲ್ಲಿ ಕೇಳಿದೆ, ಕೊಟ್ಟರು. ಎರಡೂ ಕಡೆ ಸಲೀಸಾಗಿ ಕೂತಿತು. ಮೀಟರಿನಲ್ಲಿ ಎಡ ಬಲ ಎರಡೂ ಕುಣಿದವು. ಇನ್ನೇನು ಬೇಕು?

ಎಕ್ಸ್‌ಎಲ್‌ಆರ್‌ನ ಮೂರು ಪಿನ್ನುಗಳಲ್ಲಿ ಒಂದನೆಯದು ಗ್ರೌಂಡ್, ಎರಡನೆಯದರಲ್ಲಿ ದನಿ, ಮೂರನೆಯದರಲ್ಲಿ ಅದೇ ದನಿ ತಲೆಕೆಳಗಾಗಿ. ಇದಕ್ಕೆ ಬ್ಯಾಲೆನ್ಸ್ಡ್ ಲೈನ್ ಎಂದು ಹೆಸರು. ಹೀಗೇಕೆಂದರೆ, ಸಭಾಭವನದಲ್ಲಿ ಮೈಕಿನ ವೈರು ಲೈಟಿನ ವೈರಿನ ಪಕ್ಕದಲ್ಲೇ ಮೂವತ್ತು ನಲವತ್ತು ಮೀಟರ್ ಓಡುತ್ತದೆ. ದಾರಿಯಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಎರಡು ತಂತಿಗಳಿಗೂ ಒಂದೇ ಸಮನಾಗಿ ಅಂಟಿಕೊಳ್ಳುತ್ತದೆ. ಆ ಕಡೆ ತಲುಪಿದ ಮೇಲೆ ಉಪಕರಣ ಎರಡನೆಯದರಿಂದ ಮೂರನೆಯದನ್ನು ಕಳೆಯುತ್ತದೆ. ತಲೆಕೆಳಗಾದ ದನಿಯನ್ನು ಕಳೆದರೆ ಅದು ಕೂಡಿಸಿದಂತೆ, ದನಿ ದ್ವಿಗುಣವಾಗುತ್ತದೆ. ಎರಡರಲ್ಲೂ ಒಂದೇ ಆಗಿದ್ದ ಗುಂಯ್ ಮಾತ್ರ ಕಳೆದುಹೋಗುತ್ತದೆ. ಬಹಳ ಜಾಣ ಉಪಾಯ, ಆ ಕಡೆಯ ಉಪಕರಣಕ್ಕೆ ಕಳೆಯಲು ಬರುವುದಾದರೆ.

ನನ್ನ ರೆಕಾರ್ಡರಿನ ಚಿಕ್ಕ ತೂತಿಗೆ ಅದು ಬರುವುದಿಲ್ಲ. ಅದರ ಪ್ರಕಾರ ಜ್ಯಾಕಿನ ತುದಿಯಲ್ಲಿ ಬಂದದ್ದು ಎಡ ಚಾನೆಲ್, ನಡುವಿನ ಬಳೆಯಲ್ಲಿ ಬಂದದ್ದು ಬಲ ಚಾನೆಲ್, ಬುಡದ್ದು ಗ್ರೌಂಡ್. ಅಂಗಡಿಯ ಕೇಬಲಿನಲ್ಲಿ ಎರಡನೆಯ ಪಿನ್ನು ತುದಿಗೂ ಮೂರನೆಯದು ಬಳೆಗೂ ಬೆಸೆದಿತ್ತು. ಹೀಗಾಗಿ ಒಬ್ಬ ವಾಲಿಯ ಒಂದೇ ದನಿ ಎಡದಲ್ಲಿ ನೆಟ್ಟಗೆ, ಬಲದಲ್ಲಿ ತಲೆಕೆಳಗಾಗಿ ಕೂತಿತು. ಕೇಬಲ್ ಕೆಟ್ಟದ್ದಲ್ಲ, ಬೇರೆ ಯಾವುದೋ ಕೆಲಸಕ್ಕೆ ಅದು ಸರಿಯಾದದ್ದೇ. ಚಿಕ್ಕ ಜ್ಯಾಕ್ ಕೂತಿದೆ ಎಂದ ಮಾತ್ರಕ್ಕೆ ಸಂಬಂಧ ಕೂಡಿಬಂದಿದೆ ಎಂದುಕೊಂಡದ್ದು ನನ್ನ ತಪ್ಪು. ಮದುವೆ ವಿಡಿಯೋದವರ ಕ್ಯಾಮೆರಾಗಳಲ್ಲಿ, ಮೊಬೈಲಿಗೆ ಮಿಕ್ಸರ್ ಸಿಕ್ಕಿಸಿ ಭಾಷಣ ರೆಕಾರ್ಡ್ ಮಾಡುವವರಲ್ಲಿ ಇದೇ ಕಥೆ ನಡೆಯುತ್ತಿರುತ್ತದೆ.

ಎಡಿಟಿನಲ್ಲಿ ನಾನು ಈ ಮಾತಿನ ಟ್ರ್ಯಾಕಿಗೆ ಸಭೆಯ ಟ್ರ್ಯಾಕನ್ನೂ ಸೇರಿಸಿದ್ದೆ. ಸಭೆಯ ಎರಡು ಮೈಕುಗಳು ಸರಿಯಾಗಿಯೇ ಇದ್ದವು. ಒಂದೇ ಸ್ಪೀಕರಿನಲ್ಲಿ ಕೂಡಿಸಿದಾಗ ಮಾತಿನ ಟ್ರ್ಯಾಕ್ ತನ್ನನ್ನು ತಾನೇ ಅಳಿಸಿಕೊಂಡಿತು, ಸಭೆಯ ಟ್ರ್ಯಾಕ್ ಉಳಿಯಿತು. ಮೈಕಿಲ್ಲದೆಯೂ ಜೋರಾಗಿರುವ ಚೆಂಡೆ, ಜನರ ಚಪ್ಪಾಳೆ, ಮತ್ತೆ ದೂರದ ಧ್ವನಿವರ್ಧಕದಿಂದ ಸಭಾಭವನದಲ್ಲೆಲ್ಲ ಸುತ್ತಾಡಿ ಬಂದ ವಾಲಿಯ ಮಸುಕು ಮಾತು. ಬಾವಿ ಅದೇ.

ಒಂದು ಪಕ್ಕದ ಮಾತು ಹೇಳುತ್ತೇನೆ. ಹಾಡಿನಿಂದ ಗಾಯಕರ ದನಿ ತೆಗೆದು ಕರೋಕೆ ಮಾಡುವ ಹಳೆಯ ವಿಧಾನ ಇದರದ್ದೇ ಇನ್ನೊಂದು ಮುಖ. ಸಿನಿಮಾ ಹಾಡುಗಳಲ್ಲಿ ಗಾಯನ ಸಾಮಾನ್ಯವಾಗಿ ನಡುವಿನಲ್ಲಿರುತ್ತದೆ, ಅಂದರೆ ಎಡಬಲ ಎರಡರಲ್ಲೂ ಒಂದೇ ಸಮ. ಎಡದಿಂದ ಬಲವನ್ನು ಕಳೆದರೆ ಗಾಯನ ಮಾಯ, ಪಕ್ಕಗಳಲ್ಲಿದ್ದ ವಾದ್ಯ ಉಳಿಯುತ್ತದೆ. ಅವರು ಬೇಕೆಂದೇ ಮಾಡಿದ್ದನ್ನು ನಾನು ಮೂರು ಅಡಿ ವೈರಿನಲ್ಲಿ ಅರಿಯದೆ ಮಾಡಿದ್ದೆ.

ರಿಪೇರಿಗೆ ಕೂರುವ ಮೊದಲು ರೋಗ ಇದೇ ಹೌದೋ ಎಂದು ಖಚಿತ ಮಾಡಿಕೊಳ್ಳಬೇಕು. ಅದಕ್ಕೆ ಎಡಬಲವನ್ನು ಒಮ್ಮೆ ಕೂಡಿಸಿ, ಒಮ್ಮೆ ಕಳೆದು ಎರಡರ ಮಟ್ಟವನ್ನು ಹೋಲಿಸಿದರೆ ಸಾಕು. ಉಚಿತವಾಗಿ ಸಿಗುವ ಎಫ್ಎಫ್‌ಎಂಪೆಗ್‌ನಲ್ಲಿ ಎರಡು ಸಾಲಿನ ಕೆಲಸ.

```
ffmpeg -i maatu.wav -af "pan=mono|c0=0.5*c0+0.5*c1,volumedetect" -f null -
ffmpeg -i maatu.wav -af "pan=mono|c0=0.5*c0-0.5*c1,volumedetect" -f null -
```

ಇಲ್ಲಿ `c0` ಎಡ ಚಾನೆಲ್, `c1` ಬಲ. ಮೊದಲ ಸಾಲು ಕೂಡಿಸುತ್ತದೆ, ಎರಡನೆಯದು ಕಳೆಯುತ್ತದೆ. ಹೊಸ ಫೈಲೇನೂ ಹುಟ್ಟುವುದಿಲ್ಲ, ಕೊನೆಯಲ್ಲಿ `mean_volume` ಎಂದು ಸರಾಸರಿ ಮಟ್ಟವನ್ನು ತೋರಿಸುತ್ತದೆ ಅಷ್ಟೆ. ಡೆಸಿಬೆಲ್‌ನಲ್ಲಿ ಬರುವ ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟು ಜೋರು, ಮೈನಸ್ ಹೆಚ್ಚಿದಷ್ಟು ಮೆಲ್ಲಗೆ. ನನ್ನ ಫೈಲಿಗೆ ಕೂಡಿಸಿದಾಗ ಬಂದದ್ದು −58, ಕಳೆದಾಗ −20. ಕೂಡಿಸಿದರೆ ಹೆಚ್ಚುಕಡಿಮೆ ಮೌನ, ಕಳೆದರೆ ತುಂಬು ಮಾತು. ಪೋಲಾರಿಟಿ ತಿರುಗಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಅಂಕಿಗಳು ಇದಕ್ಕೆ ವಿರುದ್ಧವಾಗಿದ್ದರೆ, ಅಂದರೆ ಕಳೆದಾಗ ಮೌನವಾದರೆ, ಎರಡು ಚಾನೆಲಿನಲ್ಲೂ ಇರುವುದು ಒಂದೇ. ಹೆಸರಿಗೆ ಸ್ಟೀರಿಯೋ, ಒಳಗೆ ಮೋನೋ, ಕೂಡಿಸಲು ಭಯವಿಲ್ಲ. ಎರಡೂ ಸುಮಾರಾಗಿ ಒಂದೇ ಮಟ್ಟದಲ್ಲಿದ್ದರೆ ಎಡಬಲಗಳಲ್ಲಿ ಬೇರೆ ಬೇರೆ ವಿಷಯವಿದೆ ಎಂದರ್ಥ. ಅದು ಒಂದು ಚಾನೆಲ್ ಖಾಲಿ ಇರುವುದೂ ಆಗಿರಬಹುದು, ಬೇರೆ ಬೇರೆ ಮೈಕುಗಳಾಗಿರಬಹುದು. ಆಗ ಕಿವಿಗೆ ಕೆಲಸ.

ಆ −58ರಲ್ಲಿ ಉಳಿದದ್ದೇನೆಂದು ಕುತೂಹಲದಿಂದ ವಾಲ್ಯೂಮ್ ಏರಿಸಿ ಕೇಳಿದೆ. ಕರೆಂಟಿನ 50 ಹರ್ಟ್ಜ್ ಗುಂಯ್! ಎರಡು ತಂತಿಗೂ ಒಂದೇ ಸಮನಾಗಿ ಅಂಟಿದ್ದು ಅದೊಂದೇ ಆದ್ದರಿಂದ, ಕೂಡಿಸಿದಾಗ ಅದೊಂದೇ ಉಳಿದಿತ್ತು. ಹಾಗಿದ್ದರೆ ಕಳೆದಾಗ ಅದು ಹೋಗಿರಬೇಕಲ್ಲ? ಹೋಗಿತ್ತು. ಬ್ಯಾಲೆನ್ಸ್ಡ್ ಲೈನಿನ ಆ ಕಡೆಯ ಉಪಕರಣ ಅಂದೇ ಮಾಡಬೇಕಿದ್ದ ಕಳೆಯುವ ಲೆಕ್ಕವನ್ನು ನಾನು ಮೂರು ದಿನ ತಡವಾಗಿ ಕಂಪ್ಯೂಟರಿನಲ್ಲಿ ಮಾಡಿದಂತಾಯಿತು.

```
ffmpeg -i maatu.wav -af "pan=mono|c0=0.5*c0-0.5*c1" maatu_mono.wav
```

ಇದು ಸುರಕ್ಷಿತವಾಗಿರುವುದು ಒಂದು ಚಾನೆಲ್ ಇನ್ನೊಂದರ ತಲೆಕೆಳಗು ಎಂದು ಮೇಲಿನ ಪರೀಕ್ಷೆಯಲ್ಲಿ ಗೊತ್ತಾದಾಗ ಮಾತ್ರ. ಸಂದೇಹವಿದ್ದರೆ ಕೂಡುವ ಕಳೆಯುವ ಗೊಡವೆಯೇ ಬೇಡ, ಒಂದು ಚಾನೆಲನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆಯಿರಿ. ಮೇಲಿನ ಆಜ್ಞೆಯಲ್ಲಿ `c0=c0` ಎಂದಿಟ್ಟರೆ ಎಡ ಮಾತ್ರ ಉಳಿಯುತ್ತದೆ. ಒಬ್ಬರ ಮಾತಿನ ಮುದ್ರಣದಲ್ಲಿ ಹಾಗೆ ಎಸೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ಆಡಾಸಿಟಿ ಬಳಸುವವರು ಸ್ಟೀರಿಯೋ ಟ್ರ್ಯಾಕನ್ನು ಎರಡಾಗಿ ಒಡೆದು, ಒಂದನ್ನು ಅಳಿಸಿ, ಉಳಿದದ್ದನ್ನು ಮೋನೋ ಮಾಡಿದರೂ ಇದೇ ಆಗುತ್ತದೆ. ತೋರಿದ ಕೂಡಲೇ 'ಮಿಕ್ಸ್ ಡೌನ್ ಟು ಮೋನೋ' ಒತ್ತಬಾರದು. ಆ ಗುಂಡಿ ಕಣ್ಣು ಮುಚ್ಚಿ ಕೂಡಿಸುತ್ತದೆ.

ಮಾತಿಗೆ ಸ್ಟೀರಿಯೋ ಬೇಕೇ ಎಂದು ಕೇಳುವವರಿದ್ದಾರೆ. ಬಾಯಿ ಒಂದು, ಅದರ ಮುಂದೆ ಮೈಕು ಒಂದು. ಎಡಬಲ ಎನ್ನಲು ಅಲ್ಲಿ ಎರಡನೆಯದೇ ಇಲ್ಲ. ಒಂದೇ ದನಿಯನ್ನು ಎರಡು ಚಾನೆಲಿಗೆ ನಕಲು ಮಾಡಿದರೆ ಫೈಲು ದಪ್ಪಗಾಗುತ್ತದೆ ಅಷ್ಟೇ. 44.1 ಕಿಲೋಹರ್ಟ್ಜ್, 16 ಬಿಟ್ಟಿನ ವೇವ್ ಫೈಲಿನಲ್ಲಿ ಒಂದು ನಿಮಿಷದ ಮೋನೋಗೆ ಐದು ಎಂಬಿ ಚಿಲ್ಲರೆ, ಸ್ಟೀರಿಯೋಗೆ ಅದರ ಎರಡರಷ್ಟು. ಸಂದರ್ಶನದಲ್ಲಿ ಒಬ್ಬರನ್ನು ಪೂರ್ತಿ ಎಡಕ್ಕೂ ಇನ್ನೊಬ್ಬರನ್ನು ಪೂರ್ತಿ ಬಲಕ್ಕೂ ಹಾಕುವುದು ಇನ್ನೂ ಕೆಟ್ಟದ್ದು. ಬಸ್ಸಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳುವವರಿಗೆ ಪ್ರಶ್ನೆ ಕೇಳುತ್ತದೆ, ಉತ್ತರ ಕೇಳುವುದಿಲ್ಲ. ಒಂದು ಕಿವಿ ಮಂದವಾದ ಹಿರಿಯರ ಪಾಡೂ ಅದೇ. ಅವರಿಗಾಗಿಯೇ ಫೋನುಗಳ ಸೆಟ್ಟಿಂಗಿನಲ್ಲಿ 'ಮೋನೋ ಆಡಿಯೋ' ಎಂಬ ಸೌಲಭ್ಯವಿದೆ, ಅದು ಎಡಬಲ ಕೂಡಿಸಿ ಎರಡೂ ಕಿವಿಗೆ ಕೊಡುತ್ತದೆ. ನನ್ನ ವಾಲಿಯಂಥ ಫೈಲು ಸಿಕ್ಕಿದರೆ ಆ ಸೌಲಭ್ಯವೇ ಮಾತನ್ನು ಅಳಿಸಿಹಾಕುತ್ತದೆ.

ಸ್ಟೀರಿಯೋವನ್ನು ಕಟ್ಟಿದವರಿಗೆ ಈ ಕೂಡುವ ಲೆಕ್ಕ ಮೊದಲಿನಿಂದಲೂ ತಲೆಯಲ್ಲಿತ್ತು. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಸಲ್ಲಿಸಿದ ಪೇಟೆಂಟಿನಲ್ಲೇ ಎಡಬಲಗಳನ್ನು 'ಮೊತ್ತ' ಮತ್ತು 'ವ್ಯತ್ಯಾಸ' ಎಂದು ನೋಡುವ ದಾರಿಯಿತ್ತು. ಅಮೆರಿಕದಲ್ಲಿ 1961ರಲ್ಲಿ ಒಪ್ಪಿಗೆಯಾದ ಎಫ್ಎಂ ಸ್ಟೀರಿಯೋ ಕೂಡ ಇದರ ಮೇಲೆಯೇ ನಿಂತಿದೆ. ಹಳೆಯ ಮೋನೋ ರೇಡಿಯೋಗಳೂ ಕಾರ್ಯಕ್ರಮ ಕೇಳಬೇಕಿತ್ತಲ್ಲ? ಅದಕ್ಕೆ ಎಡ ಮತ್ತು ಬಲದ ಮೊತ್ತವನ್ನು ಎಂದಿನ ಜಾಗದಲ್ಲೇ ಕಳಿಸಿ, ಅವುಗಳ ವ್ಯತ್ಯಾಸವನ್ನು 38 ಕಿಲೋಹರ್ಟ್ಜ್ ಉಪವಾಹಕದ ಮೇಲೆ ಪ್ರತ್ಯೇಕವಾಗಿ ಕೂರಿಸುತ್ತಾರೆ. ಮೋನೋ ರೇಡಿಯೋ ಮೊತ್ತವನ್ನಷ್ಟೇ ನುಡಿಸುತ್ತದೆ, ಸ್ಟೀರಿಯೋ ರೇಡಿಯೋ ಎರಡನ್ನೂ ಹಿಡಿದು ಎಡಬಲವನ್ನು ಮತ್ತೆ ಬಿಡಿಸಿಕೊಳ್ಳುತ್ತದೆ. ನನ್ನ ಫೈಲನ್ನು ಅಲ್ಲಿ ಬಿತ್ತರಿಸಿದ್ದರೆ ಮಾತೆಲ್ಲ ವ್ಯತ್ಯಾಸದ ಭಾಗಕ್ಕೆ ಹೋಗಿ, ಮೋನೋ ರೇಡಿಯೋದವರಿಗೆ ಚೆಂಡೆ ಮಾತ್ರ ಸಿಗುತ್ತಿತ್ತು.

ಪೋಲಾರಿಟಿ ಸರಿಪಡಿಸಿ, ಸಭೆಯ ಟ್ರ್ಯಾಕನ್ನು ಮತ್ತೆ ಸೇರಿಸಿ ಕೇಳಿದೆ. ಮಾತು ಬಂದಿತ್ತು, ಆದರೆ ಪೈಪಿನೊಳಗೆ ನಿಂತು ಆಡಿದಂತೆ, ಬೆನ್ನಿಗೊಂದು ನೆರಳು ಅಂಟಿಕೊಂಡಂತೆ. ಇದು ಎರಡನೆಯ ರೋಗ, ನಿಜವಾದ ಫೇಸ್‌ನದ್ದು. ಪೋಲಾರಿಟಿ ತಿರುಗುವುದು ವೈರಿನ ವಿಷಯ. ಅಲ್ಲಿ ಎಲ್ಲ ಸ್ವರಗಳೂ ಏಕಪ್ರಕಾರ ತಲೆಕೆಳಗಾಗುತ್ತವೆ. ಫೇಸ್ ತಪ್ಪುವುದು ಹೆಚ್ಚಾಗಿ ಸಮಯದ ವಿಷಯ, ಒಂದೇ ಮಾತು ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿದ್ದರಿಂದ ಆಗುವಂಥದ್ದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಧ್ವನಿವರ್ಧಕಕ್ಕೂ ನನ್ನ ರೆಕಾರ್ಡರಿಗೂ ಹತ್ತು ಮೀಟರ್ ದೂರ. ಮಿಕ್ಸರಿನಿಂದ ವೈರಿನಲ್ಲಿ ಬಂದ ಮಾತು ಆ ಕ್ಷಣಕ್ಕೇ ತಲುಪಿದರೆ, ಗಾಳಿಯಲ್ಲಿ ನಡೆದುಬಂದ ಅದೇ ಮಾತು 29 ಮಿಲಿಸೆಕೆಂಡ್ ತಡವಾಗಿ ತಲುಪಿತ್ತು.

ತಡವಾದ ಪ್ರತಿಯನ್ನು ಕೂಡಿಸಿದರೆ ಏನಾಗುತ್ತದೆಂದು ನೋಡಲು ಇನ್ನೂ ಚಿಕ್ಕ ತಡ ತೆಗೆದುಕೊಳ್ಳುವುದು ಸುಲಭ. ಮೇಜಿನ ಮೇಲೆ ಎರಡು ಮೈಕು. ನನ್ನ ಬಾಯಿಂದ ಎರಡನೆಯ ಮೈಕಿಗೆ ಮೊದಲನೆಯದಕ್ಕಿಂತ ಒಂದಡಿಗೆ ಸ್ವಲ್ಪ ಹೆಚ್ಚು, 34 ಸೆಂಟಿಮೀಟರ್ ದೂರ ಎನ್ನಿ. ತಡ ಒಂದು ಮಿಲಿಸೆಕೆಂಡ್. 500 ಹರ್ಟ್ಜಿನ ಸ್ವರ ಒಂದು ಸುತ್ತು ಮುಗಿಸಲು ಎರಡು ಮಿಲಿಸೆಕೆಂಡ್ ಬೇಕು. ಅಂದರೆ ಒಂದು ಮಿಲಿಸೆಕೆಂಡಿನಲ್ಲಿ ಅದು ಸರಿಯಾಗಿ ಅರ್ಧ ಸುತ್ತು ತಿರುಗಿರುತ್ತದೆ. ಒಂದು ಪ್ರತಿ ಏರಿನಲ್ಲಿದ್ದಾಗ ಇನ್ನೊಂದು ಇಳಿತದಲ್ಲಿ, ಕೂಡಿದರೆ ಸೊನ್ನೆ. 1000 ಹರ್ಟ್ಜ್ ಪೂರ್ತಿ ಸುತ್ತು ಮುಗಿಸಿರುತ್ತದೆ, ಅದು ಇಮ್ಮಡಿಯಾಗುತ್ತದೆ. 1500 ಮತ್ತೆ ಸೊನ್ನೆ, 2000 ಇಮ್ಮಡಿ, 2500 ಸೊನ್ನೆ. ಹೀಗೆ ಸ್ವರಶ್ರೇಣಿಯ ಉದ್ದಕ್ಕೂ ಬಾಚಣಿಗೆಯ ಹಲ್ಲುಗಳಂತೆ ಕಡಿತ ಬೀಳುತ್ತದೆ. ಇದಕ್ಕೆ ಕೋಂಬ್ ಫಿಲ್ಟರ್ ಎಂದೇ ಹೆಸರು. ಒಂದು ಸ್ವರಕ್ಕೂ ಇನ್ನೊಂದಕ್ಕೂ ಭೇದ ತೋರಿಸುವ ಧ್ವನಿಯ ಅಂಶಗಳು ಬಹುಪಾಲು ಈ ಪ್ರದೇಶದಲ್ಲೇ ಇರುವುದರಿಂದ ಮಾತು ಡಬ್ಬಿಯಲ್ಲಿ ಆಡಿದಂತಾಗುತ್ತದೆ. ಮಾತಾಡುವವರು ತಲೆ ಅಲ್ಲಾಡಿಸಿದಂತೆ ದೂರ ಬದಲಾಗಿ, ಕಡಿತಗಳೂ ಜಾಗ ಬದಲಿಸುತ್ತವೆ. ದನಿ ಸುಯ್ ಎಂದು ತಿರುಗಿದಂತೆ ಕೇಳುವುದೇ ಇದರ ಗುರುತು.

ಇಲ್ಲಿ ಪೋಲಾರಿಟಿ ತಿರುಗಿಸಿದರೆ ಗುಣವಾಗುವುದಿಲ್ಲ. ಕಡಿತಗಳು 500ರಿಂದ 1000ಕ್ಕೆ ಸರಿಯುತ್ತವೆ, ಅಷ್ಟೇ. ಮೇಲಾಗಿ ಕೆಳಗಿನ ಸ್ವರಗಳೂ ಹೋಗುತ್ತವೆ. ನನಗೆ ಗೊತ್ತಿರುವ ಅನೇಕರು ಎಡಿಟಿಂಗಿನಲ್ಲಿ ಆ ಗುಂಡಿ ಒತ್ತಿ, 'ಏನೋ ಬದಲಾಯಿತು, ಸರಿಯಾಗಿರಬೇಕು' ಎಂದು ಎದ್ದು ಹೋಗುತ್ತಾರೆ.

ಗುಣವಾಗುವುದು ಎರಡು ರೀತಿಯಲ್ಲಿ. ಮೊದಲನೆಯದು ಮಟ್ಟ ತಗ್ಗಿಸುವುದು. ಎರಡು ಪ್ರತಿಗಳೂ ಸಮಬಲವಾಗಿದ್ದಾಗ ಮಾತ್ರ ಕಡಿತ ಸೊನ್ನೆಗೆ ಮುಟ್ಟುತ್ತದೆ. ಒಂದು ಇನ್ನೊಂದಕ್ಕಿಂತ ಹತ್ತು ಡೆಸಿಬೆಲ್ ಕೆಳಗಿದ್ದರೆ ಏರಿಗೂ ಇಳಿತಕ್ಕೂ ಇರುವ ಅಂತರ ಆರು ಡೆಸಿಬೆಲ್‌ನೊಳಗೆ ಉಳಿಯುತ್ತದೆ, ಮಾತು ಬಹುಮಟ್ಟಿಗೆ ಮಾತಾಗಿಯೇ ಕೇಳುತ್ತದೆ. ಬಾಯಿಂದ ತನ್ನ ಮೈಕಿಗೆ ಇರುವ ದೂರದ ಮೂರು ಪಟ್ಟಾದರೂ ಮೈಕಿನಿಂದ ಮೈಕಿಗೆ ಇರಲಿ ಎಂದು ಸೌಂಡ್ ಎಂಜಿನಿಯರ್‌ಗಳು ಹೇಳುವುದು ಇದಕ್ಕೇ. ಬಾಯಿಗೂ ಮೈಕಿಗೂ 20 ಸೆಂಟಿಮೀಟರ್ ಇದ್ದರೆ ಪಕ್ಕದವರ ಮೈಕು 60 ಸೆಂಟಿಮೀಟರ್ ಆಚೆ ಇರಬೇಕು. ಅದಕ್ಕಿಂತಲೂ ಒಳ್ಳೆಯದು, ಎಡಿಟಿಂಗಿನಲ್ಲಿ ಯಾರು ಮಾತಾಡುತ್ತಿದ್ದಾರೋ ಅವರ ಮೈಕನ್ನು ಮಾತ್ರ ತೆರೆದಿಟ್ಟು ಉಳಿದದ್ದನ್ನು ತಗ್ಗಿಸುವುದು. ಕ್ಯಾಮೆರಾದಲ್ಲಿ ಎಡಕ್ಕೆ ಕಾಲರ್ ಮೈಕು, ಬಲಕ್ಕೆ ಕ್ಯಾಮೆರಾದ ಸ್ವಂತ ಮೈಕು ಬಂದಿರುವ ಫೈಲುಗಳಿರುತ್ತವೆ. ಅವುಗಳನ್ನು ಕೂಡಿಸಲೇಬಾರದು, ಕಾಲರ್ ಮೈಕಿನ ಚಾನೆಲ್ ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡಬೇಕು.

ಎರಡನೆಯದು ಸಮಯ ಹೊಂದಿಸುವುದು. ನಾನು ಸಭೆಯ ಟ್ರ್ಯಾಕನ್ನು 29 ಮಿಲಿಸೆಕೆಂಡ್ ಮುಂಚಿತವಾಗಿ ಎಳೆದೆ. 48 ಕಿಲೋಹರ್ಟ್ಜಿನ ಮುದ್ರಣದಲ್ಲಿ ಇದು ಸುಮಾರು 1400 ಸ್ಯಾಂಪಲ್. ಎಷ್ಟು ಎಳೆಯಬೇಕೆಂದು ದೂರ ಅಳೆದು ಹೇಳುವುದಕ್ಕಿಂತ, ಎರಡೂ ಟ್ರ್ಯಾಕಿನಲ್ಲಿ ಕಾಣುವ ಒಂದು ಚುರುಕಾದ ಶಬ್ದವನ್ನು ಹುಡುಕಿ, ಹಿಗ್ಗಿಸಿ, ಮೊದಲ ಏರು ಕೂಡುವಂತೆ ಸರಿಸುವುದು ನಂಬಿಕಸ್ಥ. ಭಾಗವತರು ಮೈಕಿನ ಹತ್ತಿರ ತಾಳ ತಟ್ಟಿದ್ದು ನನಗೆ ಸಿಕ್ಕಿತು. ಹಾಗೆ ಸರಿಸಿದ ಮೇಲೂ ಎಲ್ಲ ಹೊಂದಿತು ಎನ್ನಲಾರೆ. ಸಭಾಭವನದ ಗೋಡೆ, ಮಾಡು, ಇನ್ನೊಂದು ಬದಿಯ ಧ್ವನಿವರ್ಧಕ, ಎಲ್ಲದರಿಂದ ಬಂದ ಪ್ರತಿಗಳಿಗೆ ಬೇರೆ ಬೇರೆ ತಡ ಇರುತ್ತದೆ. ಒಂದನ್ನು ಹೊಂದಿಸಬಹುದು, ಎಲ್ಲವನ್ನೂ ಅಲ್ಲ. ಆದ್ದರಿಂದ ಮಾತು ನಡೆಯುವಾಗ ಸಭೆಯ ಟ್ರ್ಯಾಕನ್ನು ಹದಿನೈದು ಡೆಸಿಬೆಲ್ ತಗ್ಗಿಸಿ, ಪದ್ಯ ಮತ್ತು ಚೆಂಡೆಯ ಹೊತ್ತಿಗೆ ಏರಿಸಿದೆ. ಮಾತು ಮೋನೋ ಆಗಿ ನಟ್ಟನಡುವೆ, ಸಭೆ ಸ್ಟೀರಿಯೋ ಆಗಿ ಅದರ ಸುತ್ತ. ನನ್ನ ಮಟ್ಟಿಗೆ ಮಾತಿನ ಕಾರ್ಯಕ್ರಮದಲ್ಲಿ ಸ್ಟೀರಿಯೋಗೆ ಇರುವ ಜಾಗ ಇಷ್ಟೇ, ಮತ್ತು ಅದು ಚೆನ್ನಾಗಿರುತ್ತದೆ. ಆ ಎರಡು ಮೈಕುಗಳ ತಲೆಗಳು ಒಂದರ ಮೇಲೊಂದು ಅಡ್ಡಹಾಯುವಂತೆ ಒಂದೇ ಬಿಂದುವಿನಲ್ಲಿ ಕೂತಿದ್ದವು. ಶಬ್ದ ಎರಡಕ್ಕೂ ಒಂದೇ ಹೊತ್ತಿಗೆ ತಲುಪುವುದರಿಂದ ಅವನ್ನು ಕೂಡಿಸಿದರೂ ಕೆಡುವುದಿಲ್ಲ. ಮೈಕುಗಳನ್ನು ವೇದಿಕೆಯ ಎರಡು ಮೂಲೆಗೆ ಒಂದೊಂದು ಇಟ್ಟಿದ್ದರೆ ಈ ನಿಶ್ಚಿಂತೆ ಇರುತ್ತಿರಲಿಲ್ಲ.

ಕೇಬಲನ್ನು ಎಸೆಯಲಿಲ್ಲ. ಚಿಕ್ಕ ಜ್ಯಾಕ್ ಬಿಚ್ಚಿ, ಎರಡನೆಯ ಪಿನ್ನಿನ ತಂತಿಯನ್ನು ತುದಿ ಬಳೆ ಎರಡಕ್ಕೂ ಬೆಸೆದೆ, ಒಂದನೆಯದು ಬುಡಕ್ಕೆ. ಮೂರನೆಯ ಪಿನ್ನನ್ನು ಏನು ಮಾಡಬೇಕೆಂಬುದು ಮಿಕ್ಸರನ್ನು ಅವಲಂಬಿಸುತ್ತದೆ. ಔಟ್‌ಪುಟ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೆ ಅದನ್ನು ಗ್ರೌಂಡಿಗೆ ಸೇರಿಸದಿದ್ದರೆ ದನಿಯೇ ಸರಿಯಾಗಿ ಬರದು. ಇಲ್ಲದ ಅನೇಕ ಮಿಕ್ಸರುಗಳಲ್ಲಿ ಅದನ್ನು ಖಾಲಿ ಬಿಡುವುದೇ ಕ್ಷೇಮ. ಊರೂರಿನ ಮೈಕ್‌ಸೆಟ್ಟಿನ ಮಿಕ್ಸರ್ ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲವಾದ್ದರಿಂದ ಈಗ ಚಿಕ್ಕದೊಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಕಾರ್ಯಕ್ರಮ ಶುರುವಾಗುವ ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ ಆ ಲೋಟದ ಗಾತ್ರದ ಸ್ಪೀಕರಿನಲ್ಲಿ ಕೇಳುವುದೂ ರೂಢಿಯಾಗಿದೆ.

ಹೊಸ ಫೈಲು ಏರಿಸಿ ಚಿಕ್ಕಮ್ಮನಿಗೆ ಕೊಂಡಿ ಕಳಿಸಿದೆ. ರಾತ್ರಿ ಫೋನು ಬಂತು. ವಾಲಿ ಕೇಳಿದ್ದೂ ಆಯಿತು, ರಾಮ ಉತ್ತರ ಹೇಳಿದ್ದೂ ಆಯಿತಂತೆ. ರಾಮನ ಉತ್ತರ ಆಕೆಗೆ ಹಿಡಿಸಿರಲಿಲ್ಲ. "ಅದಿರಲಿ, ಮೊನ್ನೆ ಚೆಂಡೆ ಎಷ್ಟು ಗಟ್ಟಿ ಕೇಳ್ತಿತ್ತು. ಈಗ ಎಂತಕ್ಕೆ ಕಡಿಮೆ ಮಾಡಿದೆ?"